ಸಾಲಿನಲ್ಲಿ ನಿಂತೇ ಓದುವ ಒಂದು ಪುಟ

ಪ್ರಶ್ನೆ: ಮೆಕ್ಯಾನಿಕಲ್ ಎಂಜಿನಿಯರಿಂಗ್‌ನ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಮುಂದಿನ ವಾರ ಉದ್ಯೋಗ ಮೇಳವಿದೆ. ನನ್ನ ರೆಸ್ಯೂಮೆ ಎರಡು ಪುಟವಿದೆ, ಆದರೆ ಒಂದೇ ಪುಟ ಸಾಕು ಎಂದು ಸೀನಿಯರ್‌ಗಳು ಹೇಳುತ್ತಾರೆ. ಪಂಪ್ ತಯಾರಿಸುವ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಎಂಟು ವಾರ ಇಂಟರ್ನ್‌ಶಿಪ್ ಮಾಡಿದ್ದೇನೆ. ದಿನಕ್ಕೆ ಐವತ್ತು ಅರವತ್ತು ಶಾಫ್ಟ್‌ಗಳನ್ನು ಅಳೆಯುತ್ತಿದ್ದೆ. ತಿರಸ್ಕೃತವಾದವುಗಳಲ್ಲಿ ಹೆಚ್ಚಿನವು ಒಂದೇ ಲೇತ್‌ನಿಂದ ಬರುತ್ತಿವೆ ಎಂದು ಪಟ್ಟಿ ಮಾಡಿ ತೋರಿಸಿದ್ದೆ. ಅದು ಎರಡನೆಯ ಪುಟದಲ್ಲಿದೆ. ಗುಣಮಟ್ಟ, ನಿರ್ವಹಣೆ, ವಿನ್ಯಾಸ, ಯಾವ ಕೆಲಸ ಸಿಕ್ಕರೂ ಸರಿ. ಏನನ್ನು ಉಳಿಸಲಿ, ಏನನ್ನು ತೆಗೆಯಲಿ?

ಉತ್ತರ: ಎಲ್ಲಕ್ಕಿಂತ ಮೊದಲು ಎರಡನೆಯ ಪುಟದಲ್ಲಿ ಹೂತುಹೋಗಿರುವ ಆ ಲೇತ್‌ನ ವಿಷಯವನ್ನು ಮೇಲಕ್ಕೆ ತನ್ನಿ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಅಲ್ಲಿಯೇ. ಮೇಳದಲ್ಲಿ ಮೇಜಿನ ಆಚೆ ನಿಂತವರ ಕಣ್ಣೂ ಅಲ್ಲೇ ನಿಲ್ಲುತ್ತದೆ. ಆದರೆ ಅವರು ಎರಡನೆಯ ಪುಟಕ್ಕೆ ಬರುವುದೇ ಇಲ್ಲ.

ಮೇಜಿನ ಆಚೆ ಏನು ನಡೆಯುತ್ತದೆ ಎಂದು ಗೊತ್ತಾದರೆ ಏನು ಇಡಬೇಕು, ಏನು ಬಿಡಬೇಕು ಎಂಬುದು ನಿಮಗೇ ಹೊಳೆಯುತ್ತದೆ. ನೇಮಕಾತಿಯವರು ಬೆಳಗ್ಗೆಯಿಂದ ನಿಂತಿರುತ್ತಾರೆ. ಸಭಾಂಗಣದಲ್ಲಿ ಗದ್ದಲ. ನಿಮ್ಮ ಹಿಂದೆ ಇನ್ನೂ ಹತ್ತಾರು ಜನ. ನೀವು ಕೊಟ್ಟ ಹಾಳೆಯನ್ನು ಅವರು ಒಂದು ಕೈಯಲ್ಲಿ, ಹೆಬ್ಬೆರಳಿನಿಂದ ಒಂದು ಅಂಚನ್ನು ಒತ್ತಿ ಹಿಡಿಯುತ್ತಾರೆ. ಅದೇ ಹೊತ್ತಿಗೆ ನೀವು ಮಾತನಾಡುತ್ತಿರುತ್ತೀರಿ. ಹೀಗಾಗಿ ಅವರ ಕಣ್ಣು ಒಮ್ಮೆ ಹಾಳೆಯ ಮೇಲೆ, ಒಮ್ಮೆ ನಿಮ್ಮ ಮುಖದ ಮೇಲೆ. 2018ರಲ್ಲಿ ಲ್ಯಾಡರ್ಸ್ ಎಂಬ ಉದ್ಯೋಗ ಜಾಲತಾಣದವರು ನೇಮಕಾತಿ ಮಾಡುವವರ ಕಣ್ಣಿನ ಚಲನೆಯನ್ನು ದಾಖಲಿಸಿ, ಒಂದು ರೆಸ್ಯೂಮೆಯ ಮೊದಲ ನೋಟಕ್ಕೆ ಸಿಗುವುದು ಸರಾಸರಿ 7.4 ಸೆಕೆಂಡ್ ಎಂದು ಹೇಳಿದರು. ಅಲ್ಲಿ ಎದುರಿಗೆ ಮಾತನಾಡುವ ಅಭ್ಯರ್ಥಿ ಇರಲಿಲ್ಲ. ನಿಮಗೆ ಸಿಗುವುದು ಅಷ್ಟೇ ಅಥವಾ ಇನ್ನೂ ಕಡಿಮೆ ಎಂದುಕೊಂಡೇ ಪುಟ ಕಟ್ಟಿ.

ಆ ಹಾಳೆಗೆ ಇನ್ನೊಂದು ಗಳಿಗೆಯೂ ಇದೆ. ಸಂಜೆ ಅಥವಾ ಮರುದಿನ ಕಚೇರಿಯಲ್ಲಿ ಹಾಳೆಗಳ ಕಟ್ಟನ್ನು ಬಿಚ್ಚಿ, ಯಾರನ್ನು ಕರೆಯಬೇಕು ಎಂದು ಬೇರ್ಪಡಿಸುವ ಹೊತ್ತು. ಆಗ ನಿಮ್ಮ ಮುಖ ಅವರಿಗೆ ನೆನಪಿರುವುದಿಲ್ಲ. "ಲೇತ್ ಕಂಡುಹಿಡಿದ ಹುಡುಗ ಯಾರು?" ಎಂಬಂಥ ಒಂದು ಎಳೆ ಮಾತ್ರ ಉಳಿದಿರುತ್ತದೆ. ಆ ಎಳೆ ಹಾಳೆಯ ಮೇಲೆ ಕಂಡರೆ ನಿಮ್ಮ ಹೆಸರೂ ಮೊಬೈಲ್ ಸಂಖ್ಯೆಯೂ ಸಿಕ್ಕಿದಂತೆ. ಹಾಗಾಗಿ ನೀವು ಮಾಡಬೇಕಾದ ಹಾಳೆ ಎರಡು ಕೆಲಸಕ್ಕೆ ಒದಗಬೇಕು: ನಿಂತು ನೋಡುವ ಏಳು ಸೆಕೆಂಡಿಗೆ ಮತ್ತು ಕುಳಿತು ಹುಡುಕುವ ಸಂಜೆಗೆ. ಆನ್‌ಲೈನ್ ಅರ್ಜಿಗೆ ಹಾಕುವ ರೆಸ್ಯೂಮೆ ಬೇರೆ. ಈಗಿರುವ ಎರಡು ಪುಟಗಳನ್ನು ಅದಕ್ಕಾಗಿ ಇಟ್ಟುಕೊಳ್ಳಿ, ಹರಿದು ಹಾಕಬೇಕಾಗಿಲ್ಲ.

ಮೇಲಿನ ಹತ್ತು ಸೆಂಟಿಮೀಟರ್

ಎ4 ಹಾಳೆಯ ಎತ್ತರ 297 ಮಿಲಿಮೀಟರ್. ನಿಂತು ನೋಡುವವರ ಪಾಲಿಗೆ ಅದರಲ್ಲಿ ಮೇಲಿನ ಮೂರನೇ ಒಂದು ಭಾಗ, ಎಂದರೆ ಸುಮಾರು ಹತ್ತು ಸೆಂಟಿಮೀಟರ್, ಮಾತ್ರ ಲೆಕ್ಕಕ್ಕೆ ಬರುತ್ತದೆ. ಮೇಲಿನ ಅಂಚಿಗೆ ಒಂದೂವರೆ ಸೆಂಟಿಮೀಟರ್ ಬಿಟ್ಟು, 11 ಪಾಯಿಂಟ್ ಅಕ್ಷರವನ್ನು 14 ಪಾಯಿಂಟ್ ಸಾಲಿನ ಅಂತರದಲ್ಲಿ ಹಾಕಿದರೆ ಅಲ್ಲಿ ಹಿಡಿಸುವುದು ಸುಮಾರು ಹದಿನೇಳು ಸಾಲು. ದೊಡ್ಡಕ್ಷರದ ಹೆಸರು, ಸಂಪರ್ಕದ ಸಾಲು, ನಡುವೆ ಬಿಡುವ ಜಾಗ ಇವನ್ನೆಲ್ಲ ಕಳೆದರೆ ನಿಮಗೆ ಉಳಿಯುವುದು ಹತ್ತು ಹನ್ನೆರಡು ಸಾಲು. ಇಡೀ ಪುಟದ ಜಗಳ ಈ ಹತ್ತು ಹನ್ನೆರಡು ಸಾಲುಗಳದ್ದೇ. ಕೆಳಗಿನ ಭಾಗದಲ್ಲಿ ನೀವು ತುಸು ಸಡಿಲವಾಗಿದ್ದರೂ ನಡೆಯುತ್ತದೆ.

ಈ ಜಾಗವನ್ನು ಹೆಚ್ಚಿನವರು ಕಳೆದುಕೊಳ್ಳುವುದು "ಗುರಿ" ಎಂಬ ಶೀರ್ಷಿಕೆಯ ಕೆಳಗೆ. ಸವಾಲಿನ ವಾತಾವರಣದಲ್ಲಿ ನನ್ನ ಜ್ಞಾನವನ್ನು ಬಳಸಿ ಸಂಸ್ಥೆಯ ಬೆಳವಣಿಗೆಗೆ ಕೊಡುಗೆ ನೀಡುವುದು, ಇತ್ಯಾದಿ. ಈ ವಾಕ್ಯವನ್ನು ಓದಿ ಯಾರನ್ನಾದರೂ ಕೆಲಸಕ್ಕೆ ಕರೆದದ್ದನ್ನು ನಾನು ಕಂಡಿಲ್ಲ, ಕೇಳಿಲ್ಲ. ಅದರ ಜಾಗದಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುವ ಒಂದೇ ಸಾಲು ಬರಲಿ: ಯಾವ ಕೆಲಸಕ್ಕೆ ಬಂದಿದ್ದೀರಿ, ಏನು ಓದಿದ್ದೀರಿ, ಯಾವಾಗಿನಿಂದ ಸೇರಬಲ್ಲಿರಿ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ನೇಮಕಾತಿಯವರಿಗೆ ಅದು ಮೊದಲ ಜರಡಿ, ಏಕೆಂದರೆ ಮುಂದಿನ ತಿಂಗಳೇ ಜನ ಬೇಕಿರುವ ಕಂಪನಿಗೂ ವರ್ಷದ ಕೊನೆಗೆ ಬೇಕಿರುವ ಕಂಪನಿಗೂ ನೀವು ಒಂದೇ ಅಲ್ಲ.

ಅದರ ಕೆಳಗೆ ನೇರವಾಗಿ ಇಂಟರ್ನ್‌ಶಿಪ್. ವಿದ್ಯಾಭ್ಯಾಸದ ವಿವರ ಆಮೇಲೆ. ನಿಮ್ಮ ಪದವಿ ಸಾಲಿನಲ್ಲಿ ನಿಂತಿರುವ ಅರ್ಧ ಜನರ ಬಳಿಯೂ ಇದೆ, ಆ ಎಂಟು ವಾರ ನಿಮ್ಮೊಬ್ಬರದು.

ಒಂದು ಸಾಲನ್ನು ತಿದ್ದಿ ನೋಡೋಣ

ನಿಮ್ಮ ಎರಡು ಪುಟಗಳನ್ನು ನಾನು ನೋಡಿಲ್ಲ. ಆದರೆ ಇಂಥ ಇಂಟರ್ನ್‌ಶಿಪ್ ಅನ್ನು ಸಾಮಾನ್ಯವಾಗಿ ಹೀಗೆ ಬರೆದಿರುತ್ತಾರೆ:

> ಪ್ರತಿಷ್ಠಿತ ಸಂಸ್ಥೆಯ ಗುಣಮಟ್ಟ ವಿಭಾಗದಲ್ಲಿ ಇಂಟರ್ನ್ ಆಗಿ ಕಾರ್ಯನಿರ್ವಹಿಸಿ, ವಿವಿಧ ತಪಾಸಣಾ ಚಟುವಟಿಕೆಗಳಲ್ಲಿ ಸಕ್ರಿಯವಾಗಿ ಭಾಗವಹಿಸಿದ್ದೇನೆ.

ಇದರಲ್ಲಿ ಸುಳ್ಳೇನಿಲ್ಲ, ಆದರೆ ಹಿಡಿದುಕೊಳ್ಳಲು ಏನೂ ಇಲ್ಲ. "ವಿವಿಧ" ಎಂದರೆ ಯಾವುವು? "ಭಾಗವಹಿಸಿದ್ದೇನೆ" ಎಂದರೆ ನೀವೇ ಅಳೆದಿರೋ, ಪಕ್ಕದಲ್ಲಿ ನಿಂತು ನೋಡಿದಿರೋ? ಇದನ್ನು ತಿದ್ದಲು ನಾಲ್ಕು ಪ್ರಶ್ನೆ ಸಾಕು. ಯಾವ ವಸ್ತು? ಯಾವ ಉಪಕರಣ? ಎಷ್ಟು? ಅದರಿಂದ ಏನಾಯಿತು? ನೀವು ಪತ್ರದಲ್ಲಿ ಬರೆದದ್ದನ್ನೇ ಈ ಪ್ರಶ್ನೆಗಳಿಗೆ ಹಚ್ಚಿದರೆ ಪುಟದ ಮೇಲ್ಭಾಗ ಹೀಗಾಗುತ್ತದೆ:

> (ನಿಮ್ಮ ಹೆಸರು)
> ಮೊಬೈಲ್ · ಇಮೇಲ್
>
> ಗುಣಮಟ್ಟ ತಪಾಸಣೆಯ ಹುದ್ದೆಗೆ · ಮೆಕ್ಯಾನಿಕಲ್ ಎಂಜಿನಿಯರಿಂಗ್, ಕೊನೆಯ ಸೆಮಿಸ್ಟರ್ · ಜುಲೈನಿಂದ ಸೇರಬಹುದು
>
> ಇಂಟರ್ನ್, ಗುಣಮಟ್ಟ ವಿಭಾಗ · (ಪಂಪ್ ಕಾರ್ಖಾನೆಯ ಹೆಸರು) · 8 ವಾರ
> • ತಿರಸ್ಕೃತ ಶಾಫ್ಟ್‌ಗಳನ್ನು ಯಂತ್ರವಾರು ಪಟ್ಟಿ ಮಾಡಿ, ಹೆಚ್ಚಿನವು ಒಂದೇ ಲೇತ್‌ನಿಂದ ಬರುತ್ತಿವೆ ಎಂದು ತೋರಿಸಿದೆ
> • ದಿನಕ್ಕೆ 50–60 ಪಂಪ್ ಶಾಫ್ಟ್‌ಗಳ ವ್ಯಾಸವನ್ನು ಮೈಕ್ರೋಮೀಟರ್‌ನಿಂದ ಅಳೆದು ದಾಖಲಿಸಿದೆ

ಜುಲೈ ಮತ್ತು ಮೈಕ್ರೋಮೀಟರ್ ನನ್ನ ಊಹೆ. ನಿಮ್ಮದು ಬೇರೆಯಾಗಿದ್ದರೆ ಬದಲಿಸಿ. "ಹೆಚ್ಚಿನವು" ಎಂಬಲ್ಲಿ ನಿಜವಾದ ಸಂಖ್ಯೆ ಬಂದರೆ ಸಾಲಿನ ತೂಕವೇ ಬೇರೆಯಾಗುತ್ತದೆ. ನಿಮ್ಮ ನೋಟ್‌ಪುಸ್ತಕದಲ್ಲಿ "40ರಲ್ಲಿ 27" ಎಂಬಂತೆ ಲೆಕ್ಕ ಸಿಕ್ಕರೆ ಅದನ್ನೇ ಹಾಕಿ. ಸಿಗದಿದ್ದರೆ "ಹೆಚ್ಚಿನವು" ಎಂದೇ ಇರಲಿ, ಅಂದಾಜಿನ ಸಂಖ್ಯೆಯನ್ನು ಹೆಣೆಯಬೇಡಿ. ನೀವು ಪಟ್ಟಿ ತೋರಿಸಿದ ಮೇಲೆ ಆ ಲೇತ್‌ಗೆ ಏನಾಯಿತು? ಟೂಲ್ ಬದಲಿಸಿದರೋ, ಸೆಟ್ಟಿಂಗ್ ಸರಿಪಡಿಸಿದರೋ, ಏನೂ ಮಾಡಲಿಲ್ಲವೋ? ಗೊತ್ತಿಲ್ಲದಿದ್ದರೆ ನಿಮ್ಮ ಅಂದಿನ ಮೇಲ್ವಿಚಾರಕರಿಗೆ ಈ ವಾರವೇ ಫೋನ್ ಮಾಡಿ ಕೇಳಿ. ಅವರು ಟೂಲ್ ಬದಲಿಸಿದ್ದರೆ "ಅನಂತರ ಟೂಲ್ ಬದಲಿಸಲಾಯಿತು" ಎಂಬ ಮೂರು ಪದ ಸೇರುತ್ತದೆ. ಬದಲಿಸಿರದಿದ್ದರೆ ಸುಮ್ಮನಿರಿ.

ಒಂದು ಎಚ್ಚರಿಕೆ. ಈ ಸಾಲುಗಳು ಚೆನ್ನಾಗಿ ಬಂದಷ್ಟೂ ಪ್ರಶ್ನೆಗಳನ್ನು ಎಳೆದು ತರುತ್ತವೆ. ಎದುರಿಗಿರುವವರು ಗುಣಮಟ್ಟ ವಿಭಾಗದವರೇ ಆಗಿದ್ದರೆ ಶಾಫ್ಟ್‌ನ ಟಾಲರೆನ್ಸ್ ಎಷ್ಟಿತ್ತು, ಉಪಕರಣದ ಲೀಸ್ಟ್ ಕೌಂಟ್ ಎಷ್ಟು, ಅಳೆಯುವ ಮುನ್ನ ಶೂನ್ಯ ಸರಿಯಿದೆಯೇ ಎಂದು ನೋಡುತ್ತಿದ್ದಿರಾ ಎಂದು ಕೇಳಿಯೇ ಕೇಳುತ್ತಾರೆ. ಹಾಳೆಯ ಮೇಲೆ ಏರಿದ ಪ್ರತಿ ಸಾಲಿನ ಹಿಂದೆಯೂ ಅರ್ಧ ನಿಮಿಷ ಮಾತನಾಡುವಷ್ಟು ಸರಕು ನಿಮ್ಮಲ್ಲಿರಬೇಕು. ಇಲ್ಲದ ಸಾಲನ್ನು ತೆಗೆದುಬಿಡಿ, ಅದು ಎಷ್ಟೇ ಚೆಂದ ಕಂಡರೂ.

ಲೇತ್‌ನ ಸಾಲನ್ನು ಅಳತೆಯ ಸಾಲಿಗಿಂತ ಮೇಲೆ ಇಟ್ಟಿರುವುದನ್ನು ಗಮನಿಸಿ. ಕೆಲಸ ನಡೆದ ಕ್ರಮದಲ್ಲಿ ನೋಡಿದರೆ ಅಳತೆ ಮೊದಲು. ಆದರೆ ಶಾಫ್ಟ್ ಅಳೆದವರು ಅಂದು ಇನ್ನೂ ಅನೇಕರು ಬರುತ್ತಾರೆ, ಅಳೆದದ್ದರಿಂದ ಏನೋ ಕಂಡುಕೊಂಡವರು ಕಡಿಮೆ. ದಪ್ಪಕ್ಷರವನ್ನು ಒಂದು ಸಾಲಿಗೆ ಒಂದೇ ಕಡೆ ಬಳಸಿ. ಅರ್ಧ ಪುಟ ದಪ್ಪಗಾದರೆ ಯಾವುದೂ ದಪ್ಪವಾಗಿ ಕಾಣುವುದಿಲ್ಲ. ಸಂಖ್ಯೆಯನ್ನು ಅಂಕಿಯಲ್ಲೇ ಬರೆಯಿರಿ. ಅಕ್ಷರಗಳ ನಡುವೆ ಅಂಕಿ ಬೇರೆಯಾಗಿ ಕಾಣುವುದರಿಂದ, ಓದದೆ ಬರಿದೇ ಕಣ್ಣಾಡಿಸುವವರಿಗೂ ಅದು ಸಿಗುತ್ತದೆ.

ಕೆಳಗಿನ ಭಾಗ ಮತ್ತು ಬಲಗಡೆಯ ಖಾಲಿ ಜಾಗ

ಉಳಿದ ಪುಟದಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಎರಡು ಸಾಲಿನಲ್ಲಿ, ವಿದ್ಯಾಭ್ಯಾಸ ಎರಡು ಸಾಲಿನಲ್ಲಿ, ನೀವು ನಿಜವಾಗಿ ಕೈಯಾಡಿಸಿರುವ ಉಪಕರಣ ಮತ್ತು ತಂತ್ರಾಂಶಗಳ ಹೆಸರು ಒಂದು ಸಾಲಿನಲ್ಲಿ ಬರಲಿ. ಒಂದು ವಾರದ ಕಾರ್ಯಾಗಾರದಲ್ಲಿ ಒಮ್ಮೆ ತೆರೆದು ಮುಚ್ಚಿದ ತಂತ್ರಾಂಶ ಬೇಡ. ಹವ್ಯಾಸ, ವೈವಾಹಿಕ ಸ್ಥಿತಿ, ಶಾಲೆಯ ಬಹುಮಾನ, ಕೌಶಲವನ್ನು ಶೇಕಡಾವಾರು ಪಟ್ಟಿಗಳಲ್ಲಿ ಬಣ್ಣ ತುಂಬಿ ತೋರಿಸುವ ಚಿತ್ರ ಇವೆಲ್ಲ ಹೋಗಲಿ. "ತಂಡದಲ್ಲಿ ಕೆಲಸ: 90 ಶೇಕಡಾ" ಎಂದರೆ ಉಳಿದ ಹತ್ತು ಶೇಕಡಾ ಏನು ಮಾಡುತ್ತಾರೋ ದೇವರೇ ಬಲ್ಲ.

ಇಷ್ಟು ಮಾಡಿದ ಮೇಲೂ ಪುಟ ತುಂಬದಿದ್ದರೆ ತುಂಬಿಸಲು ಹೋಗಬೇಡಿ. ನನ್ನ ಸಲಹೆಯೇನೆಂದರೆ, ಬಲಗಡೆಯ ಅಂಚಿನಲ್ಲಿ ಬೇಕೆಂದೇ 30–35 ಮಿಲಿಮೀಟರ್ ಅಗಲದ ಜಾಗವನ್ನು ಮೇಲಿನಿಂದ ಕೆಳಗಿನವರೆಗೆ ಖಾಲಿ ಬಿಡಿ. ಎಡಕ್ಕೆ 18 ಮಿಲಿಮೀಟರ್ ಸಾಕು. ಆ ಖಾಲಿ ಪಟ್ಟಿ ನೇಮಕಾತಿಯವರ ಪೆನ್ನಿಗೆ. ಇಷ್ಟವಾದವರ ಹಾಳೆಯ ಮೇಲೆ ಅವರು ಮಾತಿನ ನಡುವೆಯೇ ಏನಾದರೂ ಗೀಚಿಕೊಳ್ಳುತ್ತಾರೆ: "ಗುಣಮಟ್ಟ, ಜುಲೈ, ಲೇತ್", ಅಥವಾ ಬರೀ ಒಂದು ಗುರುತು. ಅಂಚಿನಿಂದ ಅಂಚಿಗೆ ಅಕ್ಷರ ತುಂಬಿದ ಹಾಳೆಯಲ್ಲಿ ಅದಕ್ಕೆ ಜಾಗವಿರುವುದಿಲ್ಲ. ಸಂಜೆ ಕಟ್ಟು ಬಿಚ್ಚಿದಾಗ ಪೆನ್ನಿನ ಗುರುತಿಲ್ಲದ ಹಾಳೆಗಳೆಲ್ಲ ಒಂದೇ ಥರ ಕಾಣುತ್ತವೆ. ಹೊಳಪಿನ ಕಾಗದ, ಲ್ಯಾಮಿನೇಷನ್ ಬೇಡವೆನ್ನುವುದೂ ಇದಕ್ಕೇ. ಅದರ ಮೇಲೆ ಪೆನ್ ಜಾರುತ್ತದೆ, ಶಾಯಿ ಬೇಗ ಒಣಗುವುದಿಲ್ಲ.

ಕಾಗದದ ಬಗ್ಗೆ ಇಷ್ಟು ಸಾಕು: ಸಾದಾ ಬಿಳಿ, 90 ಅಥವಾ 100 ಜಿಎಸ್‌ಎಂ, ಲೇಸರ್ ಮುದ್ರಣ. ಇಂಕ್‌ಜೆಟ್‌ನ ಶಾಯಿ ಬೆವರಿದ ಬೆರಳಿಗೆ ಹರಡಬಹುದು. ತಿಳಿ ಬೂದು ಅಕ್ಷರ ಬೇಡ, ಏಕೆಂದರೆ ಕೆಲವರು ಹಾಳೆಯ ಫೋಟೊವನ್ನು ಮೊಬೈಲ್‌ನಲ್ಲಿ ತೆಗೆದುಕೊಳ್ಳುತ್ತಾರೆ, ಆಗ ಅದು ಮಾಯವಾಗುತ್ತದೆ. ಹಾಳೆಯನ್ನು ಮಡಿಸದೆ ಫೈಲಿನಲ್ಲಿ ಒಯ್ಯಿರಿ. ಹಿಂಬದಿಯಲ್ಲಿ ಏನನ್ನೂ ಮುದ್ರಿಸಬೇಡಿ. ಒಂದು ಪುಟ ಎಂದರೆ ಒಂದು ಮಗ್ಗುಲು.

ಅಕ್ಷರದ ಗಾತ್ರದಲ್ಲಿ ಮಾತ್ರ ಚೌಕಾಸಿ ಬೇಡ. ಎರಡು ಪುಟದ ವಿಷಯವನ್ನು 9 ಪಾಯಿಂಟ್‌ಗೆ ಇಳಿಸಿ ಒಂದೇ ಪುಟಕ್ಕೆ ತುರುಕುವುದು ನಾನು ಕಾಣುವ ಅತಿ ಸಾಮಾನ್ಯ ತಪ್ಪು. ಮೇಜಿನ ಮುಂದೆ ಕುಳಿತವರಿಗೆ ಅದು ಹೇಗೋ ಕಾಣುತ್ತದೆ. ನಿಂತವರು ಹಾಳೆಯನ್ನು ಹೆಚ್ಚು ದೂರದಲ್ಲಿ, ಅಲುಗುವ ಕೈಯಲ್ಲಿ ಹಿಡಿದಿರುತ್ತಾರೆ. ಮೈಬರಹಕ್ಕೆ 11 ಪಾಯಿಂಟ್, ಹೆಸರಿಗೆ 20 ಪಾಯಿಂಟ್ ಇರಲಿ. ವಿಷಯ ಹಿಡಿಸದಿದ್ದರೆ ವಿಷಯವನ್ನು ಕಡಿಮೆ ಮಾಡಿ.

"ಯಾವ ಕೆಲಸ ಸಿಕ್ಕರೂ ಸರಿ" ಎಂಬುದರ ಬಗ್ಗೆ

ಮನಸ್ಸಿನಲ್ಲಿ ಹಾಗೆಯೇ ಇರಲಿ, ಹಾಳೆಯ ಮೇಲೆ ಬೇಡ. ಸಂಜೆ ಹಾಳೆಗಳನ್ನು ಬೇರ್ಪಡಿಸುವವರು ಹುದ್ದೆವಾರು ಗುಂಪು ಮಾಡುತ್ತಾರೆ. "ಗುಣಮಟ್ಟ / ನಿರ್ವಹಣೆ / ವಿನ್ಯಾಸ" ಎಂದು ಬರೆದ ಹಾಳೆ ಮೂರೂ ಗುಂಪಿಗೆ ಸೇರುತ್ತದೆ ಎಂದು ನೀವು ಅಂದುಕೊಳ್ಳುತ್ತೀರಿ. ನಡೆಯುವುದು ಬೇರೆ: ಮೂರರಲ್ಲಿ ಯಾವುದಕ್ಕೂ ಅದನ್ನು ಮೊದಲು ಎತ್ತಿಕೊಳ್ಳುವುದಿಲ್ಲ.

ನಿಮಗೆ ಎರಡು ಆವೃತ್ತಿ ಸಾಕು. ಗುಣಮಟ್ಟದ್ದು ಮೇಲೆ ಬರೆದಂತೆ. ನಿರ್ವಹಣೆಯ ಆವೃತ್ತಿಯಲ್ಲಿ ಹುದ್ದೆಯ ಸಾಲು ಬದಲಾಗುತ್ತದೆ. ಲೇತ್‌ನ ಸಾಲು ಅಲ್ಲಿಯೂ ಮೊದಲೇ ಇರುತ್ತದೆ, ಏಕೆಂದರೆ ಯಾವ ಯಂತ್ರ ಕೆಟ್ಟ ಭಾಗ ಕೊಡುತ್ತಿದೆ ಎಂದು ಗುರುತಿಸುವುದು ನಿರ್ವಹಣೆಯವರಿಗೂ ಬೇಕಾದ ಕಣ್ಣು. ಶಾಫ್ಟ್ ಅಳತೆಯ ಸಾಲು ಕೆಳಗೆ ಸರಿದು, ವರ್ಕ್‌ಶಾಪ್‌ನಲ್ಲಿ ಯಂತ್ರ ಬಿಚ್ಚಿ ಜೋಡಿಸಿದ ಅನುಭವವಿದ್ದರೆ ಅದು ಮೇಲೆ ಬರುತ್ತದೆ. ವಿನ್ಯಾಸವನ್ನು ಈ ಸಲ ಬಿಟ್ಟುಬಿಡಿ ಎಂದೇ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ಅದಕ್ಕೆ ಆಧಾರವಾಗುವ ಒಂದು ಮಾತೂ ಇಲ್ಲ. ಪ್ರಾಜೆಕ್ಟ್‌ನಲ್ಲಿ ನೀವೇ ಏನಾದರೂ ವಿನ್ಯಾಸಗೊಳಿಸಿ, ಮಾಡಿ, ಪರೀಕ್ಷಿಸಿದ್ದರೆ ಮಾತ್ರ ಮೂರನೆಯ ಆವೃತ್ತಿಯ ಯೋಚನೆ ಮಾಡಿ. ಎರಡನ್ನೂ ಫೈಲಿನ ಬೇರೆ ಬೇರೆ ಜೇಬಿನಲ್ಲಿ ಇಟ್ಟುಕೊಳ್ಳಿ. ಸರದಿ ಬಂದಾಗ ಗಡಿಬಿಡಿಯಲ್ಲಿ ತಪ್ಪು ಹಾಳೆ ಕೊಡುವುದು ಬಹಳ ಸುಲಭ.

ಹೊರಡುವ ಮುನ್ನ ಒಂದು ಪರೀಕ್ಷೆ

ನಿಮ್ಮ ವಿಷಯ ಅಷ್ಟಾಗಿ ಗೊತ್ತಿಲ್ಲದ ಒಬ್ಬರನ್ನು ಹಿಡಿಯಿರಿ. ಅವರು ನಿಂತಿರಲಿ. ಹಾಳೆ ಕೊಟ್ಟು, ಅವರೊಡನೆ ಏನಾದರೂ ಮಾತನಾಡುತ್ತಲೇ ಮನಸ್ಸಿನಲ್ಲಿ ಎಂಟರವರೆಗೆ ಎಣಿಸಿ, ಹಾಳೆಯನ್ನು ವಾಪಸ್ ತೆಗೆದುಕೊಳ್ಳಿ. ಆಮೇಲೆ ಮೂರೇ ಪ್ರಶ್ನೆ: ನಾನು ಯಾವ ಕೆಲಸಕ್ಕೆ ಬಂದಿದ್ದೇನೆ? ಯಾವಾಗ ಸೇರಬಲ್ಲೆ? ನಾನು ಮಾಡಿದ್ದರಲ್ಲಿ ಏನು ನೆನಪಿದೆ? ಮೂರನೆಯದಕ್ಕೆ "ಏನೋ ಶಾಫ್ಟ್, ಲೇತ್" ಎಂದಷ್ಟೇ ಹೇಳಿದರೂ ಗೆದ್ದಂತೆ. "ಚೆನ್ನಾಗಿದೆ" ಎಂದರೆ ಅವರು ಏನನ್ನೂ ಓದಿಲ್ಲ. ಒಬ್ಬರನ್ನು ಒಂದೇ ಸಲ ಬಳಸಬಹುದು. ಎರಡನೆಯ ಸಲ ಅವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ.

ಮೇಳದಲ್ಲೂ ಹಾಳೆ ಕೆಲಸ ಮಾಡುತ್ತಿದೆಯೇ ಎಂದು ಮೊದಲ ಎರಡು ಮೂರು ಮಳಿಗೆಗಳಲ್ಲಿಯೇ ತಿಳಿಯುತ್ತದೆ. ಹಾಳೆ ನೋಡಿದ ಮೇಲೆ ಅವರು ಕೇಳುವ ಮೊದಲ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ. "ಓದು ಯಾವಾಗ ಮುಗಿಯುತ್ತದೆ?" ಅಥವಾ "ಯಾವ ವಿಭಾಗದಲ್ಲಿ ಆಸಕ್ತಿ?" ಎಂದು ಕೇಳಿದರೆ ಹುದ್ದೆಯ ಸಾಲು ಕಣ್ಣಿಗೆ ಬಿದ್ದಿಲ್ಲ. ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದರೆ ಅವರು ಏನನ್ನೋ ಹುಡುಕುತ್ತಿದ್ದಾರೆ, ಸಿಕ್ಕಿಲ್ಲ. "ಒಂದೇ ಲೇತ್ ಎಂದು ಹೇಗೆ ಗೊತ್ತಾಯಿತು?" ಎಂದು ಕೇಳಿದರೆ ಮಾತು ನಿಮ್ಮ ಅಂಗಳಕ್ಕೆ ಬಂದಂತೆ. ಮೊದಲನೆಯದು ಪದೇ ಪದೇ ಆದರೆ ಮುಂದಿನ ಮಳಿಗೆಯಲ್ಲಿ ಹಾಳೆ ಕೊಡುವಾಗ ಆ ಸಾಲನ್ನು ಬೆರಳಿನಿಂದ ತೋರಿಸಿ.

ಕೊಡುವ ರೀತಿಯೂ ಹಾಳೆಯ ಭಾಗವೇ. ಅಕ್ಷರಗಳು ಅವರ ಕಡೆಗೆ ನೇರವಾಗಿ ಇರುವಂತೆ ಹಿಡಿದು, ಹೆಸರು ಹೇಳಿದ ಕೂಡಲೇ ಕೊಡಿ. ನೀವು ಆಮೇಲೆ ಆಡುವ ಮೊದಲ ವಾಕ್ಯ ಹಾಳೆಯ ಹುದ್ದೆಯ ಸಾಲನ್ನೇ ಹೇಳಲಿ: "ಗುಣಮಟ್ಟ ತಪಾಸಣೆಯ ಕೆಲಸ ನೋಡುತ್ತಿದ್ದೇನೆ, ಪಂಪ್ ಕಾರ್ಖಾನೆಯೊಂದರಲ್ಲಿ ಎಂಟು ವಾರ ಶಾಫ್ಟ್ ತಪಾಸಣೆ ಮಾಡಿದ್ದೇನೆ." ಅವರ ಕಿವಿ ಕೇಳಿದ್ದನ್ನೇ ಕಣ್ಣು ಹಾಳೆಯಲ್ಲಿ ಹುಡುಕಿ ಹಿಡಿಯುತ್ತದೆ. ನೀವು ಕಾಲೇಜಿನ ಕಥೆಯಿಂದ ಆರಂಭಿಸಿದರೆ ಕಿವಿ ಒಂದು ಕಡೆ, ಕಣ್ಣು ಒಂದು ಕಡೆ ಹೋಗಿ ಎರಡೂ ಅರ್ಧಂಬರ್ಧವಾಗುತ್ತದೆ.

"ಆನ್‌ಲೈನ್‌ನಲ್ಲೇ ಅರ್ಜಿ ಹಾಕಿ" ಎಂದು ಹಾಳೆಯನ್ನು ಹಿಂದಿರುಗಿಸುವ ಮಳಿಗೆಗಳೂ ಇರುತ್ತವೆ. ಬೇಸರ ಬೇಡ, ಎಷ್ಟೋ ಕಂಪನಿಗಳ ನಿಯಮವೇ ಹಾಗೆ. ಅವರ ಹೆಸರು ಮತ್ತು ಹುದ್ದೆಯ ಸಂಖ್ಯೆ ಕೇಳಿ ಬರೆದುಕೊಳ್ಳಿ. ಅಲ್ಲಿ ಹಾಕುವುದು ನಿಮ್ಮ ಎರಡು ಪುಟದ ರೆಸ್ಯೂಮೆ. ಅದರಲ್ಲಿ ಎರಡು ಕಾಲಂ, ಕೋಷ್ಟಕ, ಚಿತ್ರದೊಳಗಿನ ಅಕ್ಷರ ಇದ್ದರೆ ಅರ್ಜಿ ಓದುವ ತಂತ್ರಾಂಶ ಸಾಲುಗಳನ್ನು ಹಿಂದುಮುಂದು ಮಾಡಬಹುದು, ಆದ್ದರಿಂದ ಒಂದೇ ಕಾಲಂನಲ್ಲಿ ಇರಲಿ. ಲೇತ್‌ನ ವಿಷಯವನ್ನು ಅಲ್ಲಿಯೂ ಮೊದಲ ಪುಟಕ್ಕೆ ತನ್ನಿ.

ಮೇಳವಲ್ಲದೆ ವೃತ್ತಿಪರರು ಸುಮ್ಮನೆ ಸೇರಿ ಮಾತನಾಡುವ ಕೂಟಗಳಿಗೆ ಹೋಗುವುದಾದರೆ ಇದೇ ಹಾಳೆಯನ್ನು ಚೀಲದಲ್ಲಿ ಇಟ್ಟುಕೊಂಡಿರಿ, ಆದರೆ ಕೇಳದೆ ಕೊಡಬೇಡಿ. ಅಲ್ಲಿ ಎದುರಿನವರು ನೇಮಕಾತಿಗೆಂದು ಬಂದಿರುವುದಿಲ್ಲ, ಕೊಟ್ಟ ಹಾಳೆಯನ್ನು ಎಲ್ಲಿಡುವುದೆಂದು ತಿಳಿಯದೆ ಮುಜುಗರಪಡುತ್ತಾರೆ. ಇಮೇಲ್ ವಿಳಾಸ ಕೇಳಿ, ಅದೇ ಸಂಜೆ ಪಿಡಿಎಫ್ ಕಳುಹಿಸಿ. ಕಡತದ ಹೆಸರು `resume_final2.pdf` ಎಂದಿರದೆ ನಿಮ್ಮ ಹೆಸರು ಮತ್ತು ಹುದ್ದೆ ಅದರಲ್ಲಿರಲಿ. ಪತ್ರದ ಮೊದಲ ಸಾಲಿನಲ್ಲಿ ನೀವಿಬ್ಬರೂ ಯಾವ ವಿಷಯ ಮಾತನಾಡಿದಿರಿ ಎಂದು ನೆನಪಿಸಿ.